ಖಾಲಿ ಬಿಟ್ಟ ಮೂರನೇ ವರ್ಷ

(ಕಾಫಿ ಕುಯ್ಲು ಮುಗಿದ ಮೇಲೆ ಗೋಣಿಕೊಪ್ಪದಲ್ಲಿ ಬೆಳೆಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಗೋಡೆಯ ಮೇಲೆ ತೋರಿಸಿದ ಲೆಕ್ಕದ ಹಾಳೆಯನ್ನು ಇಲ್ಲಿ ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಣದಲ್ಲಿ ಚೆರಿ ಒಣಗಿ, ಚೀಲ ತುಂಬಿ, ವ್ಯಾಪಾರಿಯ ಲಾರಿ ಬಂದು ಹೋದ ಮೇಲೆ ಸಿಗುವ ನಾಲ್ಕು ದಿನಗಳ ಬಿಡುವಿನಲ್ಲಿ ಬಂದಿದ್ದೀರಿ. ಹೂಮಳೆ ಯಾವಾಗ ಬರುತ್ತದೆ ಎಂಬ ಚಿಂತೆ ಎಲ್ಲರ ಮನಸ್ಸಿನಲ್ಲೂ ಇದೆ ಎಂಬುದು ನನಗೆ ಗೊತ್ತು. ಹಾಗಾಗಿ ಒಂದೇ ಒಂದು ಲೆಕ್ಕವನ್ನು ಹಿಡಿದುಕೊಂಡು ಕೊನೆಯವರೆಗೆ ಹೋಗುತ್ತೇನೆ. ಒಂದು ಎಕರೆ ಹಳೆಯ ರೊಬಸ್ಟಾ ಇದೆ. ಕಿತ್ತು ಹೊಸ ಗಿಡ ನೆಡಬೇಕೇ, ಹಾಗೆಯೇ ಬಿಡಬೇಕೇ?

ಈ ಪ್ರಶ್ನೆಗೆ ಅಂಗಡಿ ಲೆಕ್ಕ ಸಾಲುವುದಿಲ್ಲ. ಬ್ಯಾಂಕಿನ ಠೇವಣಿಯಾದರೆ ಪ್ರತಿ ವರ್ಷ ಒಂದೇ ಬಡ್ಡಿ ಬರುತ್ತದೆ. ತೋಟ ಹಾಗಲ್ಲ. ಮೊದಲ ವರ್ಷಗಳಲ್ಲಿ ಬರೀ ಖರ್ಚು. ಆಮೇಲೆ ಗಿಡ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುವಷ್ಟು ಫಸಲು. ಆಮೇಲೆ ಒಂದೊಂದೇ ಮೆಟ್ಟಿಲು ಏರಿಕೆ. ನಡುವೆ ಒಂದು ವರ್ಷ ಹೂಮಳೆ ಕೈಕೊಟ್ಟರೆ ಫಸಲು ಅರ್ಧಕ್ಕೆ ಇಳಿಯುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಏರುಪೇರಾಗುವ ಹಣವನ್ನು ಅಳೆಯಲು ಎಕ್ಸೆಲ್‌ನಲ್ಲಿ ಎರಡು ಸೂತ್ರಗಳಿವೆ, NPV ಮತ್ತು IRR. ಮೊದಲನೆಯದಕ್ಕೆ ನಿವ್ವಳ ಪ್ರಸ್ತುತ ಮೌಲ್ಯ ಎನ್ನುತ್ತಾರೆ, ಎರಡನೆಯದಕ್ಕೆ ಆಂತರಿಕ ಪ್ರತಿಫಲ ದರ. ಎರಡನ್ನೂ ಟೈಪ್ ಮಾಡಲು ಅರ್ಧ ನಿಮಿಷ ಸಾಕು. ಆದರೆ ತಪ್ಪಾಗಿ ಟೈಪ್ ಮಾಡಿದರೂ ಅವು ಒಂದು ಉತ್ತರವನ್ನು ಕೊಟ್ಟೇ ಕೊಡುತ್ತವೆ. ಆ ಉತ್ತರ ನೋಡಲು ಚೆನ್ನಾಗಿಯೇ ಇರುತ್ತದೆ. ನಾನು ಇಲ್ಲಿಗೆ ಬಂದದ್ದು ಆ ಕಾರಣಕ್ಕೆ.

ಮೊದಲು ಎಕರೆಯ ಲೆಕ್ಕ. ಈ ಅಂಕಿಗಳು ಪಾಠಕ್ಕಾಗಿ ನಾನು ಹಾಕಿಕೊಂಡವು. ನಿಮ್ಮ ತೋಟದ ಇಳುವರಿ, ಕೂಲಿ, ಗೊಬ್ಬರ ಬೇರೆ ಇರುತ್ತವೆ. ಈ ವರ್ಷದ ಕುಯ್ಲು ಮುಗಿದಿದೆ, ಹಣ ಕೈಗೆ ಬಂದಿದೆ. ಈ ದಿನವನ್ನೇ ಸೊನ್ನೆಯ ವರ್ಷ ಎಂದು ಕರೆಯೋಣ. ಇಂದು ಹಳೆಯ ಗಿಡ ಕೀಳಿಸಿ, ಗುಂಡಿ ತೆಗೆಸಿ, ಗಿಡ ತಂದು ನೆಟ್ಟು, ನೆರಳು ಸರಿಪಡಿಸಲು 2 ಲಕ್ಷ. ಮುಂದಿನ ವರ್ಷ ಕಳೆ, ಗೊಬ್ಬರ, ಸತ್ತ ಗಿಡಗಳ ಜಾಗಕ್ಕೆ ಮರುನೆಡುವಿಕೆ ಎಲ್ಲ ಸೇರಿ 60 ಸಾವಿರ. ಎರಡನೇ ವರ್ಷ 50 ಸಾವಿರ. ಮೂರನೇ ವರ್ಷ ಮೊದಲ ಕಾಯಿ. ಬಂದದ್ದು ಖರ್ಚಿಗೆ ಸರಿಹೋಯಿತು, ನಿವ್ವಳ ಸೊನ್ನೆ. ನಾಲ್ಕರಲ್ಲಿ 60 ಸಾವಿರ ಉಳಿತಾಯ, ಐದರಲ್ಲಿ 1 ಲಕ್ಷ 20 ಸಾವಿರ, ಆರರಲ್ಲಿ 1 ಲಕ್ಷ 60 ಸಾವಿರ. ಏಳನೇ ವರ್ಷ ಹೂಮಳೆ ಸರಿಯಾಗಿ ಬರಲಿಲ್ಲ ಎಂದುಕೊಳ್ಳೋಣ, 90 ಸಾವಿರ. ಎಂಟು, ಒಂಬತ್ತು, ಹತ್ತರಲ್ಲಿ ತಲಾ 1 ಲಕ್ಷ 70 ಸಾವಿರ.

ಇಷ್ಟನ್ನೂ ಸುಮ್ಮನೆ ಕೂಡಿ ಕಳೆದರೆ 6 ಲಕ್ಷ 30 ಸಾವಿರ ಲಾಭ ಕಾಣುತ್ತದೆ. ಆ ಮೊತ್ತದ ಮೇಲೆ ಯಾರೂ ಸಾಲ ಮಾಡಬೇಡಿ. ಹತ್ತು ವರ್ಷಗಳ ಮೇಲೆ ಬರುವ ರೂಪಾಯಿ ಇಂದಿನ ರೂಪಾಯಿಗೆ ಸಮವಲ್ಲ. ಇಂದು ಕೈಯಲ್ಲಿರುವ 100 ರೂಪಾಯಿ ಶೇ 10ರ ಬಡ್ಡಿಗೆ ಬೆಳೆದು ಮುಂದಿನ ವರ್ಷ 110 ಆಗುತ್ತದೆ. ಹಾಗಾದರೆ ಮುಂದಿನ ವರ್ಷ ಬರುವ 100 ರೂಪಾಯಿಯ ಇಂದಿನ ಬೆಲೆ 90 ರೂಪಾಯಿ 91 ಪೈಸೆ. ಅದರ ಮುಂದಿನ ವರ್ಷದ್ದನ್ನು ಎರಡು ಸಲ 1.10ರಿಂದ ಭಾಗಿಸಬೇಕು, ಹತ್ತನೇ ವರ್ಷದ್ದನ್ನು ಹತ್ತು ಸಲ. ಹತ್ತನೇ ವರ್ಷದ ಆ 1 ಲಕ್ಷ 70 ಸಾವಿರ ಇಂದಿನ ಲೆಕ್ಕದಲ್ಲಿ 65,542 ರೂಪಾಯಿ ಮಾತ್ರ. ಪ್ರತಿ ವರ್ಷದ ಹಣವನ್ನೂ ಹೀಗೆ ಇಂದಿನ ದಿನಕ್ಕೆ ತಂದು, ಖರ್ಚನ್ನು ಕಳೆದು, ಆದಾಯವನ್ನು ಕೂಡಿದರೆ ಸಿಗುವುದೇ ನಿವ್ವಳ ಪ್ರಸ್ತುತ ಮೌಲ್ಯ.

ಹಾಳೆಯಲ್ಲಿ A ಕಾಲಂನಲ್ಲಿ ವರ್ಷ, B ಕಾಲಂನಲ್ಲಿ ಹೊಸ ತೋಟದ ನಿವ್ವಳ ಹಣ. ಮೊದಲ ಸಾಲು ತಲೆಬರಹಕ್ಕೆ. ಸೊನ್ನೆಯ ವರ್ಷ B2ರಲ್ಲಿ, ಹತ್ತನೇ ವರ್ಷ B12ರಲ್ಲಿ. ಖರ್ಚಿನ ಹಿಂದೆ ಕಳೆಯುವ ಚಿಹ್ನೆ ಇರಲೇಬೇಕು. ಈಗ ಸೂತ್ರ ಹೀಗೆ:

```
=B2+NPV(10%,B3:B12)
```

ಉತ್ತರ 1,73,069 ರೂಪಾಯಿ. B2 ಏಕೆ ಹೊರಗಿದೆ ಎಂಬುದನ್ನು ಗಮನಿಸಿ. NPV ಎಂಬ ಸೂತ್ರ ತನ್ನ ಆವರಣದೊಳಗಿನ ಮೊದಲ ಮೊತ್ತವನ್ನೇ ಒಂದು ವರ್ಷದ ನಂತರದ್ದು ಎಂದು ತಿಳಿಯುತ್ತದೆ. ಹೆಸರು ಪ್ರಸ್ತುತ ಮೌಲ್ಯ ಎಂದಿದ್ದರೂ ಇಂದಿನ ದಿನಕ್ಕೆ ಅದರೊಳಗೆ ಜಾಗವಿಲ್ಲ. ಇಂದು ಕೈಯಿಂದ ಹೋಗುವ 2 ಲಕ್ಷವನ್ನು ಒಳಗೆ ಹಾಕಿದರೆ ಅದನ್ನೂ 1.10ರಿಂದ ಭಾಗಿಸಿಬಿಡುತ್ತದೆ, ಉಳಿದ ಎಲ್ಲವನ್ನೂ ಒಂದು ವರ್ಷ ಮುಂದಕ್ಕೆ ತಳ್ಳುತ್ತದೆ. =NPV(10%,B2:B12) ಎಂದು ಬರೆದು ನೋಡಿ, 1,57,335 ಬರುತ್ತದೆ. ಸರಿಯಾದ ಉತ್ತರವನ್ನು 1.10ರಿಂದ ಭಾಗಿಸಿದರೆ ಸಿಗುವುದೂ ಇದೇ. ಹೀಗೆ ಭಾಗಿಸುವುದರಿಂದ ಲಾಭ ನಷ್ಟವಾಗುವುದಿಲ್ಲ, ನಷ್ಟ ಲಾಭವಾಗುವುದಿಲ್ಲ. ಅದಕ್ಕೇ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಹಾಳೆಯಲ್ಲಿ ಉಳಿದುಬಿಡುತ್ತದೆ. ಇದಕ್ಕಿಂತ ಕೆಟ್ಟದ್ದು B2ವನ್ನು ಒಳಗೂ ಹಾಕಿ ಹೊರಗೂ ಕೂಡುವುದು. ಆಗ ಗಿಡ ನೆಟ್ಟ ಖರ್ಚು ಎರಡು ಸಲ ಬೀಳುತ್ತದೆ, ಒಳ್ಳೆಯ ಯೋಜನೆಯೂ ನಷ್ಟದಂತೆ ಕಾಣುತ್ತದೆ.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ. ನನ್ನ ಎರಡು ಎಕರೆಗೆ ಇಂಥದ್ದೇ ಲೆಕ್ಕ ಹಾಕುವಾಗ ಮೂರನೇ ವರ್ಷ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಆ ಸೆಲ್ ಅನ್ನು ಖಾಲಿ ಬಿಟ್ಟೆ. ಕೈಬರಹದ ಲೆಕ್ಕಪುಸ್ತಕದಲ್ಲಿ ಖಾಲಿ ಜಾಗ ಎಂದರೆ ಸೊನ್ನೆಯೇ. ನಮ್ಮ ತಂದೆಯ ಪುಸ್ತಕದಲ್ಲಿ ಅಂಥ ಎಷ್ಟೋ ಖಾಲಿ ಮನೆಗಳಿದ್ದವು. ಎಕ್ಸೆಲ್‌ಗೆ ಹಾಗಲ್ಲ. NPV ಖಾಲಿ ಸೆಲ್ ಅನ್ನು ಕಾಣುವುದೇ ಇಲ್ಲ. ಎರಡನೇ ವರ್ಷದ ನಂತರ ನೇರವಾಗಿ ನಾಲ್ಕನೇ ವರ್ಷದ 60 ಸಾವಿರವನ್ನು ಎತ್ತಿಕೊಂಡು ಅದನ್ನೇ ಮೂರನೇ ವರ್ಷದ ಆದಾಯ ಎಂದು ಎಣಿಸುತ್ತದೆ. ಅಲ್ಲಿಂದ ಮುಂದಿನ ಪ್ರತಿ ಫಸಲೂ ಒಂದು ವರ್ಷ ಮೊದಲೇ ಕೈಗೆ ಬಂದಂತೆ ಆಗುತ್ತದೆ. B5ರಲ್ಲಿರುವ ಸೊನ್ನೆಯನ್ನು ಅಳಿಸಿ ನೋಡಿ. 1,73,069 ಇದ್ದದ್ದು 2,19,963 ಆಗುತ್ತದೆ. ಒಂದು ಖಾಲಿ ಸೆಲ್‌ನಿಂದ ಎಕರೆಗೆ 46,894 ರೂಪಾಯಿ ಹೆಚ್ಚು. ಹಣದ ಅಂಕಿ ಒಂದೂ ಬದಲಾಗಿಲ್ಲ, ಕೂಡಿದರೆ ಮೊತ್ತ ಅದೇ 6 ಲಕ್ಷ 30 ಸಾವಿರ. ಆದ್ದರಿಂದ ಮೊತ್ತವನ್ನು ತಾಳೆ ನೋಡುವವರಿಗೆ ಇದು ಸಿಕ್ಕುವುದಿಲ್ಲ. ಸೆಲ್‌ನಲ್ಲಿ ಅಂಕಿಯ ಬದಲು ಕೈಯಾರೆ ಒಂದು ಅಡ್ಡಗೆರೆ ಟೈಪ್ ಮಾಡಿದರೂ, ‘ಇಲ್ಲ’ ಎಂದು ಬರೆದರೂ ಇದೇ ಗತಿ, ಏಕೆಂದರೆ ಅಕ್ಷರಗಳನ್ನೂ ಅದು ಬಿಟ್ಟುಬಿಡುತ್ತದೆ. IRR ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ಕಂಡುಹಿಡಿಯುವ ದಾರಿ ಸುಲಭ:

```
=COUNT(B2:B12)
```

ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ವರ್ಷ. ಉತ್ತರ 11 ಬರಬೇಕು. 10 ಬಂದರೆ ಎಲ್ಲೋ ಒಂದು ವರ್ಷ ಕಳೆದುಹೋಗಿದೆ ಎಂದೇ ಅರ್ಥ.

ಈಗ IRR. ಸೂತ್ರ ಇನ್ನೂ ಚಿಕ್ಕದು, ಇದರಲ್ಲಿ ಸೊನ್ನೆಯ ವರ್ಷವೂ ಒಳಗೇ ಇರಬೇಕು:

```
=IRR(B2:B12)
```

ಶೇ 18 ಎಂದು ಬರುತ್ತದೆ. ಯಾವ ಬಡ್ಡಿ ದರದಲ್ಲಿ ನಿವ್ವಳ ಪ್ರಸ್ತುತ ಮೌಲ್ಯ ಸೊನ್ನೆಯಾಗುತ್ತದೋ ಆ ದರವೇ ಇದು. ನಂಬಿಕೆ ಬರದಿದ್ದರೆ ಮೊದಲ ಸೂತ್ರದಲ್ಲಿ 10% ತೆಗೆದು 18% ಹಾಕಿ. 2 ಲಕ್ಷದ ಯೋಜನೆಯಲ್ಲಿ ಉಳಿಯುವುದು ಇನ್ನೂರು ರೂಪಾಯಿಯ ಆಸುಪಾಸು. ಇದನ್ನು ಕೇಳಿದ ಕೂಡಲೇ ಹಲವರು 2 ಲಕ್ಷಕ್ಕೆ ವರ್ಷಕ್ಕೆ 36 ಸಾವಿರ ಸಿಗುತ್ತದೆ ಎಂದು ತಿಳಿಯುತ್ತಾರೆ. ಹಾಗಲ್ಲ. ಸಾಲದ ಮಾತಿನಲ್ಲಿ ಹೇಳಿದರೆ ಹೆಚ್ಚು ಸ್ಪಷ್ಟ. ನೆಡುವ ಖರ್ಚನ್ನೂ ಮೊದಲೆರಡು ವರ್ಷಗಳ ಖರ್ಚನ್ನೂ ಶೇ 18ರ ಬಡ್ಡಿಗೆ ಸಾಲ ತಂದು ಮಾಡಿದಿರಿ, ಫಸಲು ಬಂದಾಗಲೆಲ್ಲ ಬಂದದ್ದನ್ನೆಲ್ಲ ಆ ಸಾಲಕ್ಕೇ ಕಟ್ಟಿದಿರಿ ಎಂದುಕೊಳ್ಳಿ. ಹತ್ತನೇ ವರ್ಷದ ಕಾಫಿ ಮಾರಿದ ದಿನ ಸಾಲ ಸರಿಯಾಗಿ ತೀರುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮ ಸಾಲದ ಬಡ್ಡಿ 18ಕ್ಕಿಂತ ಕಡಿಮೆಯಿದ್ದರೆ ಉಳಿಯುತ್ತದೆ. ಸೂತ್ರ #NUM! ಎಂದು ತೋರಿಸಿದರೆ ಮೊದಲು ಚಿಹ್ನೆಗಳನ್ನು ನೋಡಿ. ಖರ್ಚನ್ನು ಕಳೆಯುವ ಚಿಹ್ನೆಯಿಲ್ಲದೆ ಬರೆದಿರುವುದೇ ಸಾಮಾನ್ಯ ಕಾರಣ.

ಇಲ್ಲಿಯವರೆಗೆ ಬಂದು ನಿಲ್ಲಿಸಿದರೆ ನಿಮ್ಮ ಹಾಳೆ ತಾಂತ್ರಿಕವಾಗಿ ಸರಿ. ಲಾಭ 1,73,069, ಪ್ರತಿಫಲ ಶೇ 18. ನೆಡಬಹುದು ಎಂದು ಎದ್ದು ಹೋಗಬಹುದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಈ ಲೆಕ್ಕ ಬರಡು ನೆಲದಲ್ಲಿ ಕಾಫಿ ಹಾಕುವವರದ್ದು. ನಿಮ್ಮ ನೆಲ ಬರಡಲ್ಲ. ಅಲ್ಲಿ ಗಿಡಗಳಿವೆ, ಹಳೆಯವಾದರೂ ವರ್ಷಕ್ಕೆ ನಾಲ್ಕು ಚೀಲ ಕೊಡುತ್ತಿವೆ. ಕೀಳಿಸಿದ ದಿನ ಆ ಚೀಲಗಳೂ ಹೋದವು. ಅವುಗಳಿಗೆ ಯಾರೂ ರಸೀದಿ ಕೊಡುವುದಿಲ್ಲ, ಆದ್ದರಿಂದ ಖರ್ಚಿನ ಪಟ್ಟಿಯಲ್ಲಿ ಅವು ಕಾಣುವುದಿಲ್ಲ. ಯೋಜನಾ ವರದಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ.

C ಕಾಲಂನಲ್ಲಿ ಹಳೆಯ ಗಿಡಗಳನ್ನು ಹಾಗೆಯೇ ಬಿಟ್ಟರೆ ಎಕರೆಯಿಂದ ಕೈಗೆ ಉಳಿಯುವ ಹಣವನ್ನು ಬರೆಯೋಣ. ಮೊದಲ ಮೂರು ವರ್ಷ 40 ಸಾವಿರ, ಮುಂದಿನ ಮೂರು ವರ್ಷ 35, ಹೂಮಳೆ ತಪ್ಪಿದ ವರ್ಷ 15, ಆಮೇಲೆ 30. ಅದೇ ಮಳೆ ಹಳೆಯ ಗಿಡಕ್ಕೂ ತಪ್ಪುತ್ತದೆ ಎಂಬುದನ್ನು ಮರೆಯಬಾರದು. D ಕಾಲಂ ಎಂದರೆ Bಯಿಂದ Cಯನ್ನು ಕಳೆದದ್ದು. ಸಾವಿರದ ಲೆಕ್ಕದಲ್ಲಿ ಹಾಳೆ ಹೀಗಿದೆ:

```
ವರ್ಷ    B      C      D
 0    -200     0   -200
 1     -60    40   -100
 2     -50    40    -90
 3       0    40    -40
 4      60    35     25
 5     120    35     85
 6     160    35    125
 7      90    15     75
 8     170    30    140
 9     170    30    140
10     170    30    140
```

ಮೂರನೇ ವರ್ಷವನ್ನು ನೋಡಿ. ಹೊಸ ತೋಟದ ಕಾಲಂನಲ್ಲಿ ಅದು ಸೊನ್ನೆಯಾಗಿತ್ತು, ನಾನು ಖಾಲಿ ಬಿಟ್ಟ ವರ್ಷ. ಈಗ ಅದು 40 ಸಾವಿರ ನಷ್ಟ. ಗಿಡ ಕಿತ್ತ ನಿರ್ಧಾರ ಆ ವರ್ಷವೂ ಮನೆಯಿಂದ ಹಣ ತೆಗೆದುಕೊಂಡು ಹೋಗುತ್ತಲೇ ಇದೆ. =D2+NPV(10%,D3:D12) ಎಂದು ಬರೆದರೆ ಉತ್ತರ −37,781. ಪ್ರತಿಫಲ ದರ ಶೇ 18ರಿಂದ ಶೇ 8.3ರ ಆಸುಪಾಸಿಗೆ ಇಳಿಯುತ್ತದೆ. ಅದೇ ಗಿಡ, ಅದೇ ಮಳೆ, ಅದೇ ಬೆಲೆ. ಹೋಲಿಕೆ ಬದಲಾದದ್ದರಿಂದ ಉತ್ತರ ತಲೆಕೆಳಗಾಯಿತು.

ಇದನ್ನು ತೋರಿಸಿದಾಗ ಸಭೆಯಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ‘ಹಾಗಾದರೆ ನಮ್ಮ ಅಪ್ಪಂದಿರು ನೆಟ್ಟದ್ದೆಲ್ಲ ತಪ್ಪೇ?’ ಎಂದು ಕೇಳಿದರು. ತಪ್ಪಲ್ಲ. ಹಾಳೆ ಹತ್ತನೇ ವರ್ಷಕ್ಕೆ ನಿಂತಿದೆ, ಗಿಡ ನಿಲ್ಲುವುದಿಲ್ಲ. ರೊಬಸ್ಟಾ ಚೆನ್ನಾಗಿ ನೋಡಿಕೊಂಡರೆ ದಶಕಗಟ್ಟಲೆ ಫಸಲು ಕೊಡುವ ಗಿಡ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತನೇ ವರ್ಷದಲ್ಲಿ ಗೆರೆ ಎಳೆದರೆ, ಗಿಡ ಪೂರ್ತಿ ಫಸಲಿಗೆ ಬಂದ ಹೊತ್ತಿನಲ್ಲೇ ಅದನ್ನು ಬೆಲೆಯಿಲ್ಲದ ವಸ್ತು ಎಂದು ಬದಿಗಿಟ್ಟಂತೆ. ಮೊದಲ ವರ್ಷಗಳ ಖರ್ಚೆಲ್ಲ ಲೆಕ್ಕಕ್ಕೆ ಬಂತು, ಪೂರ್ತಿ ಫಸಲಿನ ವರ್ಷಗಳಲ್ಲಿ ಮೂರು ಮಾತ್ರ ಬಂದವು.

ಆದ್ದರಿಂದ D ಕಾಲಂ ಅನ್ನು ಮುಂದುವರಿಸೋಣ. ಹನ್ನೊಂದರಿಂದ ಹದಿನೈದರವರೆಗೆ ಅದೇ 140 ಸಾವಿರ, D17ರವರೆಗೆ. ಹನ್ನೊಂದನೇ ವರ್ಷವೊಂದನ್ನು ಸೇರಿಸಿದರೇ ನಷ್ಟ ಅಳಿಸಿ ಸುಮಾರು 11 ಸಾವಿರ ಲಾಭ ಕಾಣುತ್ತದೆ. ಹದಿನೈದರವರೆಗೆ ಹೋದರೆ 1,66,830 ರೂಪಾಯಿ, ಪ್ರತಿಫಲ ಸುಮಾರು ಶೇ 14.8. ಇಲ್ಲಿ ಒಂದು ಎಚ್ಚರಿಕೆ. ಹತ್ತಕ್ಕೆ ನಷ್ಟ ಬಂತೆಂದು ಹದಿನೈದಕ್ಕೆ, ಹದಿನೈದಕ್ಕೆ ಸಾಲದಿದ್ದರೆ ಮೂವತ್ತಕ್ಕೆ ಎಂದು ಬೇಕಾದ ಉತ್ತರ ಸಿಗುವವರೆಗೆ ಸಾಲು ಎಳೆಯುತ್ತಾ ಹೋಗಬಾರದು. ಗಿಡದ ವಯಸ್ಸಿನಿಂದ, ನಿಮ್ಮ ಮಣ್ಣಿನಿಂದ, ಬೇರುಹುಳ ಮತ್ತು ಕಾಯಿಕೊರಕದ ಅನುಭವದಿಂದ ಎಷ್ಟು ವರ್ಷ ಎಂಬುದನ್ನು ಮೊದಲೇ ಗೊತ್ತುಮಾಡಿ, ಆಮೇಲೆ ಸೂತ್ರ ಹಾಕಿ. ಇಳುವರಿಯ ಅಂದಾಜಿಗೆ ನೆರೆಯವರ ಮಾತನ್ನು ಮಾತ್ರ ನಂಬದೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು. ಬೆಲೆಯ ವಿಚಾರದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ದಾಖಲೆಯ ಬೆಲೆ ಕಂಡಿತು. ಆ ಬೆಲೆಯನ್ನು ಹದಿನೈದು ಸಾಲುಗಳಿಗೂ ಎಳೆದುಬಿಟ್ಟರೆ ಯಾವ ಯೋಜನೆಯೂ ಲಾಭವೇ. ನಾನು ಹಿಂದಿನ ಹಲವು ವರ್ಷಗಳ ಸರಾಸರಿಯನ್ನು ಹಾಕುತ್ತೇನೆ, ಆಮೇಲೆ ಅದನ್ನು ಐದನೇ ಒಂದು ಭಾಗ ಇಳಿಸಿ ಮತ್ತೊಮ್ಮೆ ನೋಡುತ್ತೇನೆ.

ಬಡ್ಡಿ ದರ ಯಾವುದು ಎಂಬ ಪ್ರಶ್ನೆ ಉಳಿಯಿತು. ಶೇ 10 ಎಂದೆ, ಆದರೆ ಎಲ್ಲಿಂದ ತಂದೆ? ಸಾಲ ಮಾಡಿ ನೆಡುವವರಿಗೆ ಸಾಲದ ದರ. ಕೈಯ ಹಣ ಹಾಕುವವರಿಗೆ ಆ ಹಣ ಬೇರೆಡೆ ಏನು ಗಳಿಸುತ್ತಿತ್ತೋ ಆ ದರ. ಇದು ಸರಿ, ಆದರೆ ಇದರೊಳಗೆ ಒಂದು ತೊಡಕು ಅಡಗಿದೆ. ನಾವು ಹತ್ತನೇ ವರ್ಷದ ಫಸಲಿಗೂ ಇಂದಿನ ಕಾಫಿ ಬೆಲೆಯನ್ನೇ, ಇಂದಿನ ಕೂಲಿಯನ್ನೇ ಹಾಕಿದ್ದೇವೆ. ಅಂದರೆ ಕಾಲಂನಲ್ಲಿ ಬೆಲೆಯೇರಿಕೆ ಇಲ್ಲ. ಬ್ಯಾಂಕಿನ ಬಡ್ಡಿಯಲ್ಲಾದರೆ ಬೆಲೆಯೇರಿಕೆ ಸೇರಿಯೇ ಇರುತ್ತದೆ. ಒಂದು ಕಡೆ ಅದನ್ನು ಬಿಟ್ಟು, ಇನ್ನೊಂದು ಕಡೆ ಸೇರಿಸಿ ಅಳೆದರೆ ತೋಟಕ್ಕೆ ಅನ್ಯಾಯವಾಗುತ್ತದೆ. ಬೆಲೆಯೇರಿಕೆ ವರ್ಷಕ್ಕೆ ಶೇ 5 ಎಂದುಕೊಂಡರೆ 1.10ನ್ನು 1.05ರಿಂದ ಭಾಗಿಸಿ, 1.0476 ಬರುತ್ತದೆ. ಇಂದಿನ ಬೆಲೆಯಲ್ಲಿ ಬರೆದ ಕಾಲಂಗೆ ಹೊಂದುವ ದರ ಶೇ 4.76. ಈಗ ಹತ್ತು ವರ್ಷದ ಆ D ಕಾಲಂಗೆ ಹಿಂತಿರುಗಿ. ಅದರ ಪ್ರತಿಫಲ ಶೇ 8.3 ಇತ್ತು. 10ರ ಎದುರು ಅದು ಸೋತಿತ್ತು, 4.76ರ ಎದುರು ಗೆಲ್ಲುತ್ತದೆ. ಬೇಕಿದ್ದರೆ ಕಾಲಂನ ಬೆಲೆ, ಕೂಲಿ, ಗೊಬ್ಬರ ಎಲ್ಲವನ್ನೂ ವರ್ಷದಿಂದ ವರ್ಷಕ್ಕೆ ಏರಿಸಿ ಬರೆಯಿರಿ, ಆಗ ಶೇ 10 ಇಟ್ಟುಕೊಳ್ಳಿ. ಎರಡರಲ್ಲಿ ಯಾವ ದಾರಿಯಾದರೂ ಆದೀತು, ಅರ್ಧ ದಾರಿಯಲ್ಲಿ ಬದಲಿಸಬಾರದು. ಕೂಲಿ ಕಾಫಿಗಿಂತ ವೇಗವಾಗಿ ಏರುತ್ತದೆ ಎಂದು ನಿಮಗೆ ಅನಿಸಿದರೆ ಎರಡನೇ ದಾರಿಯೇ ಒಳ್ಳೆಯದು, ಏಕೆಂದರೆ ಅದನ್ನು ಬೇರೆಯಾಗಿ ಏರಿಸಲು ಅಲ್ಲಿ ಅವಕಾಶವಿದೆ. ನಾನು ಮುಂದಿನ ಮಾತುಗಳಿಗೆ ಕಠಿಣವಾದ ಶೇ 10ನ್ನೇ ಇಟ್ಟುಕೊಳ್ಳುತ್ತೇನೆ.

ಮರದ ವಿಚಾರ ಹೇಳಲೇಬೇಕು. ಗಿಡ ಕೀಳುವಾಗ ನೆರಳು ತೆಳುಮಾಡುತ್ತೇವೆ, ಹಾಲುವಾಣದ ಕೊಂಬೆ ಸವರುತ್ತೇವೆ, ಬೆಳೆದ ಸಿಲ್ವರ್ ಓಕ್ ಕಡಿದು ಮಾರುತ್ತೇವೆ. ಅದರಿಂದ ಎರಡೂವರೆ ಲಕ್ಷ ಬಂತೆನ್ನಿ. ಸೊನ್ನೆಯ ವರ್ಷದ −200 ಸಾವಿರ +50 ಸಾವಿರ ಆಗುತ್ತದೆ. ಹದಿನೈದು ವರ್ಷದ ಕಾಲಂಗೆ IRR ಹಾಕಿದರೆ ಶೇ 38 ಎಂದು ಬರುತ್ತದೆ. ಸೂತ್ರಕ್ಕೆ ಒಂದು ಊಹೆಯ ಅಂಕಿಯನ್ನೂ ಕೊಡಬಹುದು. ಕೊಡದಿದ್ದರೆ ಅದು ಶೇ 10ರಿಂದ ಹುಡುಕಾಟ ಆರಂಭಿಸುತ್ತದೆ. ಈಗ =IRR(D2:D17,2) ಎಂದು ಬರೆಯಿರಿ, ಅಂದರೆ ಶೇ 200ರಿಂದ ಹುಡುಕು ಎಂದು. ಅದೇ ಕಾಲಂ ಸುಮಾರು ಶೇ 170 ಎನ್ನುತ್ತದೆ. ಎರಡೂ ಗಣಿತಕ್ಕೆ ಸರಿ, ಎರಡರಲ್ಲೂ NPV ಸೊನ್ನೆ. ಮೊದಲು ಹಣ ಬಂದು, ಆಮೇಲೆ ಹೋಗಿ, ಮತ್ತೆ ಬರುತ್ತಿದೆ. ಚಿಹ್ನೆ ಎರಡು ಸಲ ಬದಲಾದಾಗ ಹೀಗೆ ಎರಡು ಉತ್ತರಗಳು ಇರಬಹುದು. ಕಾಲಂನಲ್ಲಿ ಬೆರಳಿಟ್ಟು ಮೇಲಿನಿಂದ ಕೆಳಗೆ ಬನ್ನಿ. ಚಿಹ್ನೆ ಒಂದೇ ಸಲ ಬದಲಾದರೆ IRR ಅನ್ನು ನಂಬಬಹುದು. ಹೆಚ್ಚು ಸಲ ಬದಲಾದರೆ ಅದನ್ನು ಬಿಟ್ಟು NPV ಮಾತ್ರ ನೋಡಿ. ಈ ಲೆಕ್ಕದಲ್ಲಿ ಇನ್ನೊಂದು ದೋಷವೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಗಿಡ ಕೀಳದೆಯೂ ಆ ಮರಗಳನ್ನು ಮಾರಬಹುದಿತ್ತು ಎಂದಾದರೆ ಆ ಎರಡೂವರೆ ಲಕ್ಷ ಹೊಸ ಗಿಡದ ಗಳಿಕೆಯೇ ಅಲ್ಲ. B ಕಾಲಂಗೆ ಬರೆದರೆ C ಕಾಲಂಗೂ ಬರೆಯಬೇಕು. ಆಗ Dಯಲ್ಲಿ ಅದು ತಾನಾಗಿ ಅಳಿಸಿಹೋಗುತ್ತದೆ, ಎರಡು ಉತ್ತರಗಳ ಗೊಂದಲವೂ ಹೋಗುತ್ತದೆ.

ಕರಿಮೆಣಸಿನವರು ಸುಮ್ಮನಿರುವುದಿಲ್ಲ ಎಂದು ಗೊತ್ತಿತ್ತು. ‘ಗಿಡ ಕೀಳುವ ತಂಟೆಯೇ ಬೇಡ, ಇರುವ ಮರಗಳಿಗೆ ಬಳ್ಳಿ ಹಬ್ಬಿಸಿದರೆ ಸಾಲದೇ?’ ಎಂದು ಒಬ್ಬರು ಕೇಳಿದರು. ಅದಕ್ಕೂ ಒಂದು ಕಾಲಂ ಮಾಡೋಣ. ಇಂದು 20 ಸಾವಿರ ಖರ್ಚು, ಮುಂದಿನ ಎರಡು ವರ್ಷ ಐದೈದು ಸಾವಿರ. ಮೂರನೇ ವರ್ಷ 5 ಸಾವಿರ ಉಳಿತಾಯ, ನಾಲ್ಕರಲ್ಲಿ 15, ಐದರಿಂದ ಹದಿನೈದರವರೆಗೆ ತಲಾ 20 ಸಾವಿರ. ಪ್ರತಿಫಲ ಶೇ 32. ಮರುನಾಟಿಯದ್ದು 14.8 ಇತ್ತು. ಶೇಕಡಾವಾರು ನೋಡಿದರೆ ಮೆಣಸಿನದು ಎರಡು ಪಟ್ಟಿಗಿಂತ ಹೆಚ್ಚು. ಆದರೆ ಶೇ 10ರಲ್ಲಿ ಮೆಣಸಿನ ನಿವ್ವಳ ಪ್ರಸ್ತುತ ಮೌಲ್ಯ 74,048, ಮರುನಾಟಿಯದು 1,66,830. ಶೇ 32 ಎಂಬುದು 20 ಸಾವಿರದ ಮೇಲಿನ ಮಾತು, 14.8 ಎಂಬುದು ಲಕ್ಷಗಳ ಮೇಲಿನ ಮಾತು. ಆ ಎಕರೆಯಲ್ಲಿ ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯವಿದ್ದು, ಹಣಕ್ಕೆ ತೊಂದರೆಯಿಲ್ಲದಿದ್ದರೆ, ರೂಪಾಯಿ ಹೇಳುವುದನ್ನೇ ಕೇಳಬೇಕು, ಅಂದರೆ NPV. ಕೈಯಲ್ಲಿರುವುದೇ 60 ಸಾವಿರವಾದರೆ ಮಾತು ಬೇರೆ. ಎರಡು ಎಕರೆಗೆ ಬಳ್ಳಿ ಹಬ್ಬಿಸುವುದು ಆ ಹಣಕ್ಕೆ ಆಗುತ್ತದೆ, ಒಂದು ಎಕರೆ ಮರುನಾಟಿ ಆಗುವುದಿಲ್ಲ. ನೆಟ್ಟು ಎರಡನೇ ವರ್ಷ ಗೊಬ್ಬರಕ್ಕೆ ಹಣವಿಲ್ಲದೆ ಬಿಟ್ಟ ಗಿಡ ಯಾವ ಕಾಲಂನಲ್ಲೂ ಇಲ್ಲ.

ಕೊನೆಗೆ ಪೊನ್ನಂಪೇಟೆ ಕಡೆಯಿಂದ ಬಂದಿದ್ದ ಒಬ್ಬ ತಾಯಿ ಎದ್ದು ನಿಂತರು. ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ‘ಒಂದೇ ಸಲ ಎಲ್ಲವನ್ನೂ ಕಿತ್ತರೆ ಮೂರು ವರ್ಷ ಮನೆ ನಡೆಯುವುದು ಹೇಗೆ? ಅರ್ಧ ಈಗ, ಇನ್ನರ್ಧ ನಾಲ್ಕು ವರ್ಷ ಬಿಟ್ಟು ಮಾಡಿದರೆ ಎಷ್ಟು ಕಳೆದುಕೊಳ್ಳುತ್ತೇನೆ?’ ಎಂದು ಕೇಳಿದರು. ಅಂದು ಬಂದ ಪ್ರಶ್ನೆಗಳಲ್ಲಿ ಇದೇ ಅತ್ಯುತ್ತಮವಾದದ್ದು. ಎದ್ದುನಿಂತಲ್ಲೇ ಲೆಕ್ಕ ಹಾಕಿದೆವು. ಈಗ ನೆಡುವ ಅರ್ಧ ಎಕರೆಯ ಮೌಲ್ಯ 1,66,830ರ ಅರ್ಧ, 83,415. ಉಳಿದ ಅರ್ಧಕ್ಕೂ ಅದೇ ಅಂಕಿಗಳು, ಅದೇ ಹದಿನೈದು ವರ್ಷ, ಆದರೆ ಎಲ್ಲವೂ ನಾಲ್ಕು ವರ್ಷ ತಡ. ಹಾಗಾಗಿ 83,415ನ್ನು ನಾಲ್ಕು ಸಲ 1.10ರಿಂದ ಭಾಗಿಸಬೇಕು, 56,974. ಎರಡೂ ಸೇರಿ 1,40,389. ಒಂದೇ ಸಲ ನೆಡುವುದಕ್ಕಿಂತ 26,441 ಕಡಿಮೆ.

ಅವರು ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಅದರ ಕೆಳಗೆ D ಕಾಲಂನ ಮೊದಲ ನಾಲ್ಕು ಸಾಲುಗಳನ್ನೂ ಬರೆದುಕೊಂಡರು. ಇನ್ನೂರು, ನೂರು, ತೊಂಬತ್ತು, ನಲವತ್ತು. ಒಂದೇ ಸಲ ಕಿತ್ತರೆ ಆ ವರ್ಷಗಳಲ್ಲಿ ಹೊರಗಿನಿಂದ ತರಬೇಕಾದದ್ದು ಅಷ್ಟು. ಅರ್ಧರ್ಧ ಮಾಡಿದರೆ ಅದರ ಅರ್ಧ. ‘26 ಸಾವಿರ ಕೊಟ್ಟು ಅಷ್ಟು ಸಾಲ ತಪ್ಪಿಸಿಕೊಳ್ಳಬಹುದು ಎಂದಾಯಿತು’ ಎಂದರು. ಹೌದು ಎಂದೆ. ಅವರು ಚೀಟಿ ಮಡಚಿ ಕೈಚೀಲದಲ್ಲಿ ಇಟ್ಟುಕೊಂಡು, ಈ ವರ್ಷ ರಸ್ತೆ ಬದಿಯ ಅರ್ಧ ಎಕರೆ ಎಂದು ಹೇಳಿ ಕುಳಿತರು.